ಕೊಡುವ ವರ್ಷದ ಲೆಕ್ಕ ಉಂಟು, ಕೊಡ್ಲಿಕ್ಕಾಗದ ವರ್ಷದ್ದು ಇಲ್ಲ

ಸಂಪಾದಕರೇ, ಕಾವೇರಿ ಹುಟ್ಟೋದು ನಮ್ಮಲ್ಲಿ, ಮಳೆ ಬೀಳೋದು ನಮ್ಮಲ್ಲಿ, ಡ್ಯಾಮ್ ಕಟ್ಟಿದ್ದು ನಮ್ಮ ದುಡ್ಡಲ್ಲಿ. ಆದ್ರೂ ಮಂಡ್ಯದವರ ಗದ್ದೆ ಒಣಗುವಾಗ್ಲೇ ನೀರು ಬಿಡಿ ಅಂತ ಆರ್ಡರ್ ಬರ್ತದೆ. ಮೇಲಿನವರಿಗೆ ಹಕ್ಕೇ ಇಲ್ವಾ? ನೀವು ಕರಾವಳಿ ಪತ್ರಿಕೆಯವರು ಇದ್ರ ಬಗ್ಗೆ ಒಂದು ಮಾತು ಬರಿಯುದಿಲ್ಲ, ನಮಗೆಂತ ಸಂಬಂಧ ಅಂತ ಕೂತಿದ್ದೀರಿ.
– ಓದುಗರೊಬ್ಬರು, ಕಾರ್ಕಳ

ಪತ್ರ ಓದಿ ಖುಷಿ ಆಯ್ತು ಮಾರಾಯ್ರೆ, ಕೋಪ ಬರುವಷ್ಟು ಓದಿದ್ದೀರಲ್ಲ, ಈಗ ಅಷ್ಟು ಕೂಡ ಅಪರೂಪ. ಮಂಡ್ಯದವರ ಸಂಕಟ ಸುಳ್ಳು ಅಂತ ನಾನು ಹೇಳುದಿಲ್ಲ, ಕಣ್ಣೆದುರಿಗೆ ಕಾಲುವೆಯಲ್ಲಿ ನೀರಿಲ್ಲದೆ ಕೆಳಗೆ ಮಾತ್ರ ಹೊಳೆ ಹರಿಯುದನ್ನು ನೋಡ್ಲಿಕ್ಕೆ ಯಾರಿಗೂ ಆಗುದಿಲ್ಲ. ಆದ್ರೆ "ಹುಟ್ಟಿದ ಊರಿನವರದ್ದೇ ನೀರು" ಅನ್ನುವ ಮಾತುಂಟಲ್ಲ, ಅದನ್ನು ಕಾರ್ಕಳದಲ್ಲಿ ಕೂತು ಹೇಳುವ ಮೊದಲು ಸ್ವಲ್ಪ ಯೋಚನೆ ಮಾಡ್ಬೇಕಿತ್ತು. ಯಾಕೆ ಅಂತ ಕೊನೆಗೆ ಹೇಳ್ತೇನೆ.

ಮೊದ್ಲು ನಮ್ಮ ಅಜ್ಜನ ಮನೆ ತೋಡಿನ ಕಥೆ. ಮಳೆ ಹೋಗಿ ತೋಡಿನ ನೀರು ಸಪೂರ ಆಗುವಾಗ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುದು ನಿಮಗೂ ಗೊತ್ತುಂಟು. ನಮ್ಮದು ಕೆಳಗಿನ ಕಟ್ಟ, ಮೇಲೆ ಇನ್ನೊಂದು ಮನೆಯವರದ್ದು. ಮೂರು ದಿನ ಅವರ ಅಡಿಕೆ ತೋಟಕ್ಕೆ, ಎರಡು ದಿನ ನಮಗೆ ಅಂತ ಒಪ್ಪಂದ, ಕಾಗದ ಪತ್ರ ಏನೂ ಇಲ್ಲ. ಈಗ ನೋಡಿ, ಅಜ್ಜ ಒಪ್ಪಿಕೊಂಡದ್ದು ದಿನದ ಲೆಕ್ಕ, ಇಷ್ಟು ಕೊಡ ನೀರು ಅಂತ ಅಲ್ಲ. ನೀರು ಕಡಿಮೆ ಆದ ವರ್ಷ ಅವರ ಮೂರು ದಿನದ ನೀರೂ ಕಡಿಮೆ, ನಮ್ಮ ಎರಡು ದಿನದ್ದೂ ಕಡಿಮೆ, ಬರಗಾಲ ತನ್ನಿಂದ ತಾನೇ ಪಾಲಾಗ್ತಿತ್ತು. ಒಂದು ವರ್ಷ ಮಾತ್ರ ಮೇಲಿನವರು ಹೊಸ ಸಸಿ ಹಾಕಿದ್ದೇವೆ, ಈ ಸಲ ದಿನ ಬಿಡ್ಲಿಕ್ಕೆ ಆಗುದಿಲ್ಲ ಅಂದ್ರು. ಅಜ್ಜ ರಾತ್ರಿ ಪಿಕ್ಕಾಸು ಹಿಡ್ಕೊಂಡು ಹೋದದ್ದು, ಮರುದಿನ ಎರಡು ಮನೆಯವರು ಮಾತು ಬಿಟ್ಟದ್ದು, ಆ ಕಥೆ ನಮ್ಮಲ್ಲಿ ಈಗಲೂ ಮದುವೆ ಮನೆಯಲ್ಲಿ ಬರ್ತದೆ.

ಕಾವೇರಿಯಲ್ಲಿ ದಿನದ ಲೆಕ್ಕ ಇಲ್ಲ, ಇಷ್ಟು ಕೊಡ ನೀರು ಅನ್ನುವ ಲೆಕ್ಕ ಇರುದು. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಒಪ್ಪಂದ ಮಾಡಿಕೊಂಡದ್ದು ಹೇಗೆ ಅಂತ ನೋಡಿದ್ರೆ, ಅಲ್ಲಿ ಚೌಕಾಸಿಗೆ ಎರಡು ವಸ್ತು ಇತ್ತು. ಮೈಸೂರಿನವರಿಗೆ ಕೆಆರ್‌ಎಸ್ ಬೇಕು, ಮದ್ರಾಸಿನವರಿಗೆ ಮೆಟ್ಟೂರು ಬೇಕು, ನೀವು ನಿಮ್ಮದನ್ನು ಕಟ್ಟಿ ನಾವು ನಮ್ಮದನ್ನು ಕಟ್ಟುತ್ತೇವೆ ಅನ್ನುವ ಹಾಗೆ. ಇಬ್ಬರೂ ಮನೆಗೆ ಏನಾದ್ರೂ ಹಿಡ್ಕೊಂಡು ಹೋದ್ರು. 1974ರಲ್ಲಿ ಆ ಒಪ್ಪಂದದ 50 ವರ್ಷ ಮುಗಿದ ಮೇಲೆ ಮಾತಾಡ್ಲಿಕ್ಕೆ ಉಳಿದದ್ದು ಒಂದೇ ನಂಬರ್, ಎಷ್ಟು ಟಿಎಂಸಿ, ಅಂದ್ರೆ ಎಷ್ಟು ನೂರು ಕೋಟಿ ಘನ ಅಡಿ ಅನ್ನುವುದು. ಒಬ್ಬನಿಗೆ ಒಂದು ಟಿಎಂಸಿ ಜಾಸ್ತಿ ಆದ್ರೆ ಇನ್ನೊಬ್ಬನಿಗೆ ಒಂದು ಕಡಿಮೆ, ಅಂಥ ಮಾತುಕತೆಯಲ್ಲಿ ಯಾರು ನಗ್ತಾ ಎದ್ದು ಬರ್ತಾರೆ ಹೇಳಿ.

1990ರಲ್ಲಿ ನ್ಯಾಯಮಂಡಳಿ ಆಯ್ತು, 2007ರಲ್ಲಿ ಅಂತಿಮ ತೀರ್ಪು ಬಂತು, 17 ವರ್ಷ. ಅದರಲ್ಲಿ ಸಾಮಾನ್ಯ ವರ್ಷಕ್ಕೆ 740 ಟಿಎಂಸಿ ನೀರು ಅಂತ ಹಿಡ್ಕೊಂಡು ಹಂಚಿದ್ರು. 2018ರಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ತಿದ್ದಿ, ತಮಿಳುನಾಡು ಗಡಿಯ ಬಿಳಿಗುಂಡ್ಲು ಅಳತೆ ಕೇಂದ್ರದಲ್ಲಿ ನಾವು ವರ್ಷಕ್ಕೆ 177.25 ಟಿಎಂಸಿ ತೋರಿಸ್ಬೇಕು ಅಂತ ಮಾಡಿತು. ಜೂನ್‌ನಲ್ಲಿ 9.19, ಜುಲೈಯಲ್ಲಿ 31.24, ಆಗಸ್ಟ್‌ನಲ್ಲಿ 45.95, ಹೀಗೆ ತಿಂಗಳ ಪಟ್ಟಿ ಉಂಟು. ಮಳೆ ಚೆನ್ನಾಗಿ ಬಂದ ವರ್ಷ ಈ ಪಟ್ಟಿಯನ್ನು ಯಾರೂ ತೆರೆದು ನೋಡುದಿಲ್ಲ, ಕೆಆರ್‌ಎಸ್‌ಗೆ ಹಿಡಿಯುದೇ 49 ಟಿಎಂಸಿ, ತುಂಬಿದ ಮೇಲೆ ಗೇಟು ತೆಗಿಲೇಬೇಕು, ಅದು ಔದಾರ್ಯ ಅಲ್ಲ, ಜಾಗ ಇಲ್ಲದ್ದು.

ಕಷ್ಟದ ವರ್ಷಕ್ಕೆ ಎಂತ? ತೀರ್ಪಿನಲ್ಲಿ ಒಂದು ಸಾಲು ಉಂಟು, ನೀರು ಕಡಿಮೆ ಆದ್ರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡ್ಬೇಕು ಅಂತ. ಕೇಳ್ಲಿಕ್ಕೆ ನಮ್ಮ ಅಜ್ಜನ ಮೂರು ದಿನ ಎರಡು ದಿನದ ಹಾಗೇ ಉಂಟು. ಆದ್ರೆ ಕಡಿಮೆ ಆಯ್ತು ಅಂತ ಗೊತ್ತಾಗುದು ಯಾವಾಗ? ನೀರಿನ ವರ್ಷ ಜೂನ್‌ನಿಂದ ಮೇವರೆಗೆ. ತಂಜಾವೂರು ಕಡೆ ಕುರುವೈ ಬೆಳೆಗೆ ನೀರು ಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ವರ್ಷದ ಒಟ್ಟು ಲೆಕ್ಕ ಮುಗಿಯುವಾಗ ಆ ಬೆಳೆ ಕೊಯ್ದೋ ಒಣಗಿಯೋ ಆಗಿರ್ತದೆ. ಹಾಗಾಗಿ ಅರ್ಧ ಕಣ್ಣು ಮುಚ್ಚಿಕೊಂಡೇ ಹಂಚ್ಬೇಕು, ಮುಚ್ಚಿದ ಆ ಅರ್ಧದಲ್ಲೇ ಜಗಳ ಇರುದು.

ಒಂದು ಲೆಕ್ಕ ಹಾಕುವ. ಆಗಸ್ಟ್ ಮುಗಿಯುವಾಗ ಹಾರಂಗಿ, ಹೇಮಾವತಿ, ಕಬಿನಿ, ಕೆಆರ್‌ಎಸ್ ನಾಲ್ಕಕ್ಕೂ ಬಂದ ನೀರು ಎಂದಿನ ಸರಾಸರಿಯ ಅರ್ಧ ಮಾತ್ರ ಅಂತಿಟ್ಟುಕೊಳ್ಳಿ. ಪಟ್ಟಿ ಪ್ರಕಾರ ಮೂರು ತಿಂಗಳಿಗೆ ಕೊಡ್ಬೇಕಾದದ್ದು 86.38, ಅರ್ಧ ಅಂದ್ರೆ 43.19. ತಮಿಳುನಾಡು ಹೇಳ್ತದೆ, 43 ಆದ್ರೂ ಕೊಡಿ, ಈಗಲೇ ಕೊಡಿ, ಬೆಳೆ ನಿಂತಿದೆ. ನಮ್ಮವರು ಹೇಳ್ತಾರೆ, ನಿಮಗೆ ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಉಂಟು, ನಮಗೆ ಮುಂಗಾರು ಹೋದ್ರೆ ಹೋಯ್ತು, ಬೆಂಗಳೂರಿಗೆ ಮೇವರೆಗೆ ಕುಡಿಲಿಕ್ಕೆ ಬೇಕು, ಈಗ ಕಾಯಿರಿ. ಎರಡೂ ಮಾತು ಸರಿಯೇ. ಆದ್ರೆ ಕಾಯುವುದ್ರಿಂದ ಲಾಭ ಯಾರಿಗೆ ಅಂತ ಕೇಳಿ ನೋಡಿ. ಗೇಟಿನ ಕೀಲಿ ಇರುವವನಿಗೆ. ಕಾದ ಒಂದೊಂದು ವಾರವೂ ಅವನ ಡ್ಯಾಮಿನಲ್ಲಿ ನೀರಾಗಿ ಉಳಿತದೆ, ಕೆಳಗಿನವನ ಗದ್ದೆಯಲ್ಲಿ ಬಿರುಕಾಗಿ ಕಾಣ್ತದೆ. ಕೆಳಗಿನವನ ಕೈಯಲ್ಲಿ ಇರುದು ಕೋರ್ಟ್ ಒಂದೇ, ಅದಕ್ಕೇ ಅವನು ಪ್ರತಿ ಸಲ ಕೋರ್ಟಿಗೆ ಓಡುದು, ಅವನು ಜಗಳಗಂಟ ಅಂತ ಅಲ್ಲ. ನಿಮಗೆ ಇದು ಹಿಡಿಸುದಿಲ್ಲ ಅಂತ ಗೊತ್ತುಂಟು, ಆದ್ರೆ ರಾತ್ರಿ ಪಿಕ್ಕಾಸು ಹಿಡ್ಕೊಂಡು ಹೋದ ಮನೆಯವ ನಾನು, ನನ್ನ ಮನಸ್ಸು ಕೆಳಗಿನವರ ಕಡೆಗೇ ವಾಲ್ತದೆ.

ಇನ್ನು ಆರ್ಡರ್ ವಿಷಯ. 2023ರ ಆಗಸ್ಟ್ ಕೊನೆಗೆ ದಿನಕ್ಕೆ 5,000 ಕ್ಯುಸೆಕ್‌ನಂತೆ 15 ದಿನ ಬಿಡಿ ಅಂತ ಆಯ್ತು, ಬೆಂಗಳೂರು ಬಂದ್, ಕರ್ನಾಟಕ ಬಂದ್ ಎಲ್ಲ ಆಯ್ತು. ಐದು ಸಾವಿರ ಅಂದ ಕೂಡ್ಲೆ ಡ್ಯಾಮೇ ಖಾಲಿ ಆಗುವ ಹಾಗೆ ಕಾಣ್ತದೆ. ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡ್, ಗುಣಿಸಿದ್ರೆ ದಿನಕ್ಕೆ 0.43 ಟಿಎಂಸಿ, 15 ದಿನಕ್ಕೆ ಸುಮಾರು ಆರೂವರೆ. ಸಣ್ಣದು ಅಂತಲ್ಲ, ಆ ವರ್ಷ ಕೆಆರ್‌ಎಸ್ ತುಂಬ್ಲೇ ಇಲ್ಲ. ಆದ್ರೂ ಆಗಸ್ಟ್ ಒಂದೇ ತಿಂಗಳ ಪಟ್ಟಿ 45.95 ಅಂತ ನೆನಪಿಟ್ಟುಕೊಂಡು ಓದಿದ್ರೆ, ಪೂರ್ತಿ ಕೊಡಿ ಅಂತ ಯಾರೂ ಹೇಳ್ಲಿಲ್ಲ ಅಂತ ಗೊತ್ತಾಗ್ತದೆ.

ನನಗೆ ಸಿಟ್ಟು ಬರುದು ಬೇರೆ ಕಡೆ. ಎರಡೂ ರಾಜ್ಯದ ಯಾವ ಪಕ್ಷದ ಮುಖ್ಯಮಂತ್ರಿಯಾದ್ರೂ ಸರಿ, ಅವರಿಗೆ ಒಪ್ಪಂದಕ್ಕಿಂತ ಆರ್ಡರೇ ಅನುಕೂಲ. ಒಪ್ಪಂದಕ್ಕೆ ಸಹಿ ಹಾಕಿದ್ರೆ ಮರುದಿನ ದ್ರೋಹಿ ಅಂತ ಬೈಸಿಕೊಳ್ಬೇಕು. ಆರ್ಡರ್ ಬಂದ್ರೆ ಕೈ ಮುಗಿದು, ಎಂತ ಮಾಡುದು, ಕೋರ್ಟ್ ಹೇಳಿತು ಅನ್ಬಹುದು, ನೀರು ಅಷ್ಟೇ ಹೋಗ್ತದೆ, ವೋಟು ಮಾತ್ರ ಹೋಗುದಿಲ್ಲ. ಹಾಗಾಗಿ ಮಳೆ ಚೆನ್ನಾಗಿ ಬಂದು ಎಲ್ಲರ ತಲೆ ತಂಪಿರುವ ವರ್ಷ ಕೂತು ಕಷ್ಟದ ವರ್ಷದ ಲೆಕ್ಕ ಬರೆದಿಡುವ ಕೆಲ್ಸವನ್ನು ಯಾರೂ ಮಾಡುದಿಲ್ಲ. ದೆಹಲಿಯವರಾದ್ರೂ ಮಾಡ್ಬಹುದಿತ್ತು. ಸಂವಿಧಾನದಲ್ಲಿ ನೀರು ರಾಜ್ಯದ ಪಟ್ಟಿಯಲ್ಲಿದ್ರೂ ಅಂತರರಾಜ್ಯ ನದಿಗಳ ಬಗ್ಗೆ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕುಂಟು. 1956ರಲ್ಲಿ ನದಿ ಮಂಡಳಿ ಕಾಯ್ದೆ ಅಂತ ಮಾಡಿದ್ರು, ಜಗಳ ಆಗುವ ಮೊದ್ಲೇ ಒಟ್ಟಿಗೆ ಕೂತು ಯೋಜನೆ ಮಾಡ್ಲಿಕ್ಕೆ. ಅದರಡಿ ಒಂದೇ ಒಂದು ಮಂಡಳಿ ಇವತ್ತಿನವರೆಗೆ ಆಗ್ಲಿಲ್ಲ. ಅದೇ ವರ್ಷದ ಇನ್ನೊಂದು ಕಾಯ್ದೆ, ಜಗಳ ಆದ ಮೇಲೆ ನ್ಯಾಯಮಂಡಳಿ ಮಾಡುವಂಥದ್ದು, ಅದು ಮಾತ್ರ ಚೆನ್ನಾಗಿ ಓಡ್ತಾ ಉಂಟು.

ಈಗ ಕಾರ್ಕಳದ ವಿಷಯ. ನಿಮ್ಮ ನ್ಯಾಯವನ್ನು ನೇತ್ರಾವತಿಗೆ ಹಾಕಿ ನೋಡಿ. ಅದಕ್ಕೆ ನೀರು ತರುವ ಎತ್ತಿನಹೊಳೆ ಹುಟ್ಟುದು ಸಕಲೇಶಪುರದ ಕಡೆ ಘಟ್ಟದಲ್ಲಿ, ಮಂಗಳೂರಲ್ಲಲ್ಲ. ಹುಟ್ಟಿದಲ್ಲಿನವರೇ ತೀರ್ಮಾನ ಮಾಡುದಾದ್ರೆ, ಅಲ್ಲಿಂದ 24.01 ಟಿಎಂಸಿ ಎತ್ತಿ ಪೂರ್ವಕ್ಕೆ ತಿರುಗಿಸುದರ ಬಗ್ಗೆ ತುಂಬೆ ಡ್ಯಾಮಿನ ನೀರು ಕುಡಿಯುವ ನಾವು ಬಾಯಿ ಬಿಡ್ಲಿಕ್ಕೇ ಇಲ್ಲ. ಕೋಲಾರದವರಿಗೆ ಕುಡಿಲಿಕ್ಕೆ ನೀರು ಬೇಕು, ಅದು ನ್ಯಾಯವೇ, ಮಳೆಗಾಲದ ನೀರು ಮಾತ್ರ ಎತ್ತುದು ಅಂತಲೂ ಹೇಳ್ತಾರೆ. ಆದ್ರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನ ಅಲ್ಲಿ ಸಿಗುದೇ 9.55 ಟಿಎಂಸಿ ಅಂತ ಹೇಳಿತು. ಕಾಗದದಲ್ಲಿ 24, ಹೊಳೆಯಲ್ಲಿ ಹತ್ತರ ಒಳಗೆ ಅಂತಾದ್ರೆ ಕಡಿಮೆ ಬಿದ್ದದ್ದನ್ನು ಯಾರು ಹೊರುದು, ಮೇಲಿನ ಪೈಪಾ, ಕೆಳಗಿನ ಹೊಳೆಯಾ? ಎಲ್ಲೂ ಬರೆದಿಲ್ಲ.

ಕಾವೇರಿಯಲ್ಲಿ ತಂಜಾವೂರಿನವರಿಗೆ ಕೇಳ್ಲಿಕ್ಕೆ ಒಂದು ರಾಜ್ಯ ಸರಕಾರ ಉಂಟು, ನ್ಯಾಯಮಂಡಳಿ ಉಂಟು, ಬಿಳಿಗುಂಡ್ಲಿನಲ್ಲಿ ಅಳಿಲಿಕ್ಕೆ ಕೇಂದ್ರದವರಿದ್ದಾರೆ. ನಮಗೆ? ಮೇಲಿನವರೂ ಕೆಳಗಿನವರೂ ಒಂದೇ ರಾಜ್ಯ, ಹಾಗಾಗಿ ಆ ಕಾಯ್ದೆಯ ಲೆಕ್ಕದಲ್ಲಿ ಇದು ಜಗಳವೇ ಅಲ್ಲ. ಬೆಂಗಳೂರು ತಮಿಳುನಾಡಿನ ಎದುರು ಕೂತಾಗ ಒಕ್ಕೂಟ ವ್ಯವಸ್ಥೆ ಅಂತ ದೊಡ್ಡ ಸ್ವರದಲ್ಲಿ ಮಾತಾಡ್ತದೆ, ಘಟ್ಟದ ಕೆಳಗೆ ತಿರುಗಿದ ಕೂಡ್ಲೆ ಆ ಶಬ್ದವೇ ಮರೆತುಹೋಗ್ತದೆ. ಮತ್ತೆ ಸಮುದ್ರಕ್ಕೆ ಹೋಗಿ ವ್ಯರ್ಥ ಆಗ್ತದೆ ಅಂತ ಒಂದು ಮಾತು, ಕೇಳಿ ಕೇಳಿ ಕಿವಿ ತೂತಾಗಿದೆ. ಒಂದೊಂದು ಟಿಎಂಸಿಗೂ ಹೊಡೆದಾಡಿದ ಆ ಕಾವೇರಿ ತೀರ್ಪಿನಲ್ಲೇ ಪರಿಸರಕ್ಕೆ 10, ಸಮುದ್ರಕ್ಕೆ ಹೇಗಿದ್ರೂ ಹೋಗುವಂಥದ್ದು 4 ಅಂತ ಬೇರೆ ತೆಗೆದಿಟ್ಟಿದ್ದಾರೆ. ನೇತ್ರಾವತಿಯ ಅಳಿವೆಗೆ ಎಷ್ಟು ಅಂತ ಯಾರಾದ್ರೂ ತೆಗೆದಿಟ್ಟಿದ್ದಾರಾ, ಮೀನು ಹಿಡಿಯುವವರನ್ನು ಕೇಳಿ ನೋಡಿ.

ಮುಂದಿನ ಸಲ ಮಳೆ ಕೈಕೊಟ್ಟ ಆಗಸ್ಟ್‌ನಲ್ಲಿ ಟಿವಿಯಲ್ಲಿ ಕ್ಯುಸೆಕ್ ಅಂತ ಕೂಗುವಾಗ ನೀವು ಎರಡು ವಿಷಯ ಹುಡುಕಿ, ನಾಲ್ಕು ಜಲಾಶಯದ ಒಳಹರಿವು ಸರಾಸರಿಗಿಂತ ಶೇಕಡಾ ಎಷ್ಟು ಕಡಿಮೆ, ಮತ್ತೆ ಬಿಳಿಗುಂಡ್ಲಿಗೆ ಹೋದದ್ದು ಪಟ್ಟಿಗಿಂತ ಶೇಕಡಾ ಎಷ್ಟು ಕಡಿಮೆ. ಎರಡೂ ಹತ್ತಿರ ಹತ್ತಿರ ಇದ್ರೆ ನಮಗೆ ಅನ್ಯಾಯ ಆಗ್ಲಿಲ್ಲ. ಒಳಹರಿವಿನ ಕೊರತೆಯೇ ತುಂಬಾ ಜಾಸ್ತಿ ಇದ್ರೆ ನಿಮ್ಮ ಸಿಟ್ಟು ಸರಿ, ಆಗ ಇನ್ನೊಂದು ಪತ್ರ ಬರೆಯಿರಿ, ನನ್ನನ್ನು ಬೈದಿದ್ರೂ ಹಾಕ್ತೇನೆ. ಅಷ್ಟರೊಳಗೆ ತುಂಬೆಗೆ ಒಮ್ಮೆ ಏಪ್ರಿಲ್‌ನಲ್ಲಿ ಹೋಗಿ ಬನ್ನಿ.

– ಸಂ.