ಕಬ್ಬು ಎನ್ನಲಾಗದ ರೈತ ಮತ್ತು ಮೆದುಳನ್ನು ನೋಡುವ ಮೂರು ಬಗೆ

ಪ್ರಶ್ನೆ: ಮಂಡ್ಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ಎಫ್‌ಎಂಆರ್‌ಐ ಕೆಲಸ ಮಾಡುತ್ತಿರುವ ಮೆದುಳನ್ನೇ ತೋರಿಸುವಾಗ ಇಇಜಿ ಮತ್ತು ಗಾಯಗೊಂಡ ಮೆದುಳಿನ ಅಧ್ಯಯನಗಳು ಇನ್ನೂ ಏಕೆ ಬೇಕು? ಯಾವುದನ್ನು ನಂಬಬೇಕು?

ನಾನು ಮೈಸೂರಿನಲ್ಲಿ ವಾಕ್ ಚಿಕಿತ್ಸಕಿ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರೊಂದಿಗೆ ಕೆಲಸ ಮಾಡುತ್ತೇನೆ. ಆದ್ದರಿಂದ ಮಾತಿನ ಉದಾಹರಣೆಯೊಂದನ್ನೇ ಹಿಡಿದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮದ್ದೂರಿನ ಕಡೆಯ ಕಬ್ಬು ಬೆಳೆಗಾರರೊಬ್ಬರನ್ನು ಅವರ ಮಗ ಕರೆತಂದಿದ್ದರು. ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಕಬ್ಬಿನ ಚಿತ್ರ ತೋರಿಸಿದರೆ ಅದರ ಹೆಸರನ್ನು ಎಡಗೈಯಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದರು. ಬಾಯಲ್ಲಿ ಮಾತ್ರ ಒಮ್ಮೆ ‘ತಬ್ಬು’, ಇನ್ನೊಮ್ಮೆ ‘ಗಪ್ಪು’. ತುಟಿ, ನಾಲಿಗೆ ಸರಿಯಾದ ಜಾಗಕ್ಕಾಗಿ ತಡಕಾಡುತ್ತಿದ್ದವು. ಬೇಸತ್ತಾಗ ಮಾತ್ರ ‘ಅಯ್ಯೋ ಶಿವನೇ’ ಎಂಬುದು ಸ್ಪಷ್ಟವಾಗಿ ಬರುತ್ತಿತ್ತು. ಸ್ನಾಯುಗಳಲ್ಲಿ ಬಲವಿದೆ, ಪದವೂ ಗೊತ್ತಿದೆ, ಆದರೆ ಪದವನ್ನು ಬಾಯಿಯ ಚಲನೆಯಾಗಿಸುವ ಯೋಜನೆ ಕೆಟ್ಟಿದೆ. ಇದನ್ನು ಮಾತಿನ ಅಪ್ರಾಕ್ಸಿಯಾ ಎನ್ನುತ್ತೇವೆ. ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಮಗ ಕೇಳಿದರು: “ಮೇಡಂ, ಮಾತಿನ ಜಾಗ ಇದರಲ್ಲಿ ಎಲ್ಲಿ ಹೋಗಿದೆ?”

ಹಳೆಯ ಉತ್ತರ 1861ರದು. ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ, ‘ತಾನ್’ ಎಂಬ ಸದ್ದು ಬಿಟ್ಟು ಹೆಚ್ಚೇನೂ ಆಡಲಾಗದ ಲೆಬೋರ್ನ್ ಎಂಬ ರೋಗಿಯ ಮೆದುಳನ್ನು ಮರಣಾನಂತರ ನೋಡಿದರು. ಎಡ ಹಣೆಯ ಹಿಂದಿನ ಒಂದು ಮಡಿಕೆ ಹಾಳಾಗಿತ್ತು. ಅದೇ ಮಾತಿನ ಜಾಗ ಎಂದರು. ಇಂದು ಅದನ್ನು ಬ್ರೋಕಾ ಭಾಗ ಎನ್ನುತ್ತೇವೆ. ಆದರೆ ಅವರು ಮೆದುಳನ್ನು ಕತ್ತರಿಸಲಿಲ್ಲ, ಮೇಲ್ಮೈಯನ್ನಷ್ಟೇ ನೋಡಿದರು. ಸಂರಕ್ಷಿಸಿಟ್ಟಿದ್ದ ಅದೇ ಮೆದುಳನ್ನು ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಎಂಆರ್‌ಐ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಯ ಒಳಗೆ, ಹೊರಗಿನ ಮಡಿಕೆಗಳಡಿ ಅಡಗಿರುವ ಇನ್ಸುಲಾ ಎಂಬ ಭಾಗದವರೆಗೂ, ಭಾಗಗಳನ್ನು ಜೋಡಿಸುವ ನರತಂತುಗಳವರೆಗೂ ಇಳಿದಿತ್ತು.

ಡ್ರಾಂಕರ್ಸ್ ಅದಕ್ಕೂ ಮೊದಲೇ, 1996ರಲ್ಲಿ, ಇನ್ಸುಲಾದತ್ತ ಬೆರಳು ತೋರಿಸಿದ್ದರು. ಮಾತಿನ ಅಪ್ರಾಕ್ಸಿಯಾ ಇದ್ದ 25 ರೋಗಿಗಳ ಗಾಯದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ, ಎಲ್ಲರಲ್ಲೂ ಇನ್ಸುಲಾದ ಒಂದೇ ಪುಟ್ಟ ಭಾಗ ಹಾಳಾಗಿತ್ತು. ಆ ತೊಂದರೆ ಇಲ್ಲದ 19 ರೋಗಿಗಳಲ್ಲಿ ಅದು ಉಳಿದಿತ್ತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ ಎನಿಸುತ್ತದೆ.

2004ರಲ್ಲಿ ಆರ್ಗೈ ಹಿಲ್ಲಿಸ್ ಮತ್ತು ಸಂಗಡಿಗರು ಅದೇ ಪ್ರಶ್ನೆಯನ್ನು ತಿರುವಿ ಹಾಕಿದರು. ತೊಂದರೆ ಇರುವವರನ್ನು ಮೊದಲು ಆರಿಸಲಿಲ್ಲ. ಇನ್ಸುಲಾಕ್ಕೆ ಪೆಟ್ಟಾದ 40 ಮಂದಿ, ಆಗದ 40 ಮಂದಿ ಹೀಗೆ ಆರಿಸಿ, ಪಾರ್ಶ್ವವಾಯು ಬಡಿದ ಮೊದಲ ದಿನದೊಳಗೇ ಮಾತನ್ನು ಪರೀಕ್ಷಿಸಿದರು. ಇನ್ಸುಲಾದ ಗಾಯಕ್ಕೂ ಅಪ್ರಾಕ್ಸಿಯಾಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಬ್ರೋಕಾ ಭಾಗದ ಹಾನಿ ಅಥವಾ ಅಲ್ಲಿನ ರಕ್ತದ ಕೊರತೆಯೊಂದಿಗೆ.

ಇಬ್ಬರೂ ಎಚ್ಚರದಿಂದ ಅಳೆದವರೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ನಿಮ್ಮೂರಿನ ವಿ.ಸಿ. ನಾಲೆಯನ್ನು ನೆನೆದುಕೊಳ್ಳಿ. ನಾಲೆ ಒಂದು ಕಡೆ ಕಟ್ಟಿಕೊಂಡರೆ, ಅದರ ಪಕ್ಕದಲ್ಲೇ ಇರುವ ಗದ್ದೆ ಪ್ರತಿ ಸಲವೂ ಒಣಗುತ್ತದೆ, ಜೊತೆಗೆ ಇನ್ನೂ ಹಲವು ಗದ್ದೆಗಳು ಒಣಗುತ್ತವೆ. ನಷ್ಟವಾದವರನ್ನಷ್ಟೇ ಕೂಡಿಸಿ ಸಾಮಾನ್ಯ ಅಂಶ ಹುಡುಕಿದರೆ ಆ ಪಕ್ಕದ ಗದ್ದೆಯೇ ಎದ್ದು ಕಾಣುತ್ತದೆ. ಎಡ ಮೆದುಳಿನ ಬಹುಭಾಗಕ್ಕೆ ರಕ್ತ ಒಯ್ಯುವ ಮಧ್ಯ ಸೆರೆಬ್ರಲ್ ಅಪಧಮನಿಯ ಕವಲುಗಳು ಇನ್ಸುಲಾದ ಮೇಲೆಯೇ ಹಾಯುತ್ತವೆ. ಅಲ್ಲಿ ಅಡಚಣೆಯಾದರೆ ಮೊದಲು ಸಾಯುವ ಭಾಗಗಳಲ್ಲಿ ಅದೂ ಒಂದು. ಗಾಯದ ಅಧ್ಯಯನದ ದೊಡ್ಡ ದೌರ್ಬಲ್ಯ ಇದು: ಗಾಯದ ಅಂಚನ್ನು ಸಂಶೋಧಕರಲ್ಲ, ರಕ್ತನಾಳ ತೀರ್ಮಾನಿಸುತ್ತದೆ. ಆದರೆ ‘ಈ ಭಾಗವಿಲ್ಲದೆ ಈ ಕೆಲಸ ನಡೆಯುತ್ತದೆಯೇ’ ಎಂಬುದಕ್ಕೆ ಉತ್ತರ ಕೊಡುವುದೂ ಇದೇ ಅಧ್ಯಯನ. ಎಫ್‌ಎಂಆರ್‌ಐ ಒಂದರಿಂದಲೇ ಆ ಉತ್ತರ ಸಿಗುವುದಿಲ್ಲ.

ಏಕೆಂದರೆ ಎಫ್‌ಎಂಆರ್‌ಐ ನರಕೋಶವನ್ನು ನೋಡುವುದೇ ಇಲ್ಲ, ರಕ್ತವನ್ನು ನೋಡುತ್ತದೆ. ಒಂದು ಭಾಗ ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಅಗತ್ಯಕ್ಕಿಂತ ಹೆಚ್ಚಾಗಿ ಹರಿದು ಬರುತ್ತದೆ, ಅದರಿಂದ ಸಂಕೇತ ಸುಮಾರು ಶೇ 1ರಷ್ಟು ಏರುತ್ತದೆ. ಏರಿಕೆ ತುದಿ ಮುಟ್ಟಲು 5-6 ಸೆಕೆಂಡು ಬೇಕು. ಆರೋಗ್ಯವಂತರೊಬ್ಬರನ್ನು ಮಲಗಿಸಿ ‘ಪಟಕ, ಪಟಕ’ ಎನ್ನಿಸಿದರೆ ಬ್ರೋಕಾ ಭಾಗ, ಇನ್ಸುಲಾ, ಕಿರುಮೆದುಳು ಎಲ್ಲವೂ ಚಿತ್ರದಲ್ಲಿ ಬಣ್ಣ ತಳೆಯಬಹುದು, ಬಲ ಮೆದುಳಿನ ಭಾಗಗಳೂ ಸೇರಿ. ಆದರೆ ಬಲಗೈ ಬಳಸುವವರಲ್ಲಿ ಬಲ ಮೆದುಳಿಗೆ ಪೆಟ್ಟಾದರೆ ಭಾಷೆ ಹೋಗುವುದು ಅಪರೂಪ. ಅಂದರೆ ಕೆಲಸದಲ್ಲಿ ತೊಡಗಿರುವ ಭಾಗವೆಲ್ಲ ಅನಿವಾರ್ಯ ಭಾಗವಲ್ಲ. ಇನ್ನೊಂದು ಮಾತು: ಆ ಬಣ್ಣ ಎರಡು ಸ್ಥಿತಿಗಳ ವ್ಯತ್ಯಾಸ. ಸುಮ್ಮನೆ ಮಲಗಿದ್ದರೊಂದಿಗೆ ಹೋಲಿಸಿದರೆ ಒಂದು ಚಿತ್ರ, ನಾಲಿಗೆಯನ್ನು ಬರಿದೇ ಆಡಿಸಿದ್ದರೊಂದಿಗೆ ಹೋಲಿಸಿದರೆ ಬೇರೆಯೇ ಚಿತ್ರ. ಪ್ರಬಂಧ ಓದುವಾಗ ನಾನು ಬಣ್ಣಕ್ಕಿಂತ ಮೊದಲು ನೋಡುವುದು, ಯಾವುದರಿಂದ ಯಾವುದನ್ನು ಕಳೆದಿದ್ದಾರೆ ಎಂಬುದನ್ನು.

ಈ 5-6 ಸೆಕೆಂಡಿನ ಮಂಜಿನಲ್ಲಿ ಯೋಜನೆ, ಉಚ್ಚಾರ, ತನ್ನ ದನಿಯನ್ನು ತಾನೇ ಕೇಳುವುದು ಎಲ್ಲವೂ ಬೆರೆತುಹೋಗುತ್ತದೆ. ‘ಕಬ್ಬು’ ಎನ್ನಲು ಅರ್ಧ ಸೆಕೆಂಡೂ ಬೇಡ. ಇಲ್ಲಿ ಬೇಕಾಗುವುದು ವಿದ್ಯುತ್ತನ್ನು ನೇರವಾಗಿ ಅಳೆಯುವ ಇಇಜಿ, ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ‘ಅಜ್ಜಿ ಮುದ್ದೆಯನ್ನು ಚಪ್ಪಲಿಯಲ್ಲಿ ಅದ್ದಿದಳು’ ಎಂಬಂಥ ವಾಕ್ಯ ಓದಿಸಿದರೆ, ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಒಂದು ಋಣ ಅಲೆ ದೊಡ್ಡದಾಗುತ್ತದೆ. ಕುಟಾಸ್ ಮತ್ತು ಹಿಲ್ಯಾರ್ಡ್ ಇದನ್ನು 1980ರಲ್ಲಿ ತೋರಿಸಿದರು. ಅದು ಕೆಲವೇ ಮೈಕ್ರೋವೋಲ್ಟ್‌ಗಳ ಅಲೆ. ಕಣ್ಣು ಮಿಟುಕಿಸಿದರೆ ಬರುವ ಸಂಕೇತ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ ಹತ್ತಾರು ವಾಕ್ಯಗಳ ಸರಾಸರಿ ತೆಗೆಯಬೇಕು. ನಮ್ಮ ಕಡೆ ಇನ್ನೊಂದು ಕಷ್ಟವಿದೆ: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಅಂಟುವುದಿಲ್ಲ, ದಾಖಲೆ ಕೆಡುತ್ತದೆ. ಹಾಗಾಗಿ ತಲೆ ತೊಳೆದು ಬರಲು ಹೇಳುತ್ತಾರೆ.

ಇಇಜಿಯ ನಿಜವಾದ ಮಿತಿ ಜಾಗ. ತಲೆಬುರುಡೆ ಸಂಕೇತವನ್ನು ಹರಡಿಬಿಡುತ್ತದೆ. ಹೊರಗೆ ಅಳೆದ ಒಂದೇ ವಿನ್ಯಾಸವನ್ನು ಒಳಗಿನ ಅಸಂಖ್ಯ ಬಗೆಯ ಮೂಲಗಳು ಹುಟ್ಟಿಸಬಲ್ಲವು. ಬಾಯಿ ತೆರೆದು ಮಾತನಾಡಿದರಂತೂ ದವಡೆಯ ಸ್ನಾಯುಗಳ ವಿದ್ಯುತ್ತು ಎಲ್ಲವನ್ನೂ ಮುಳುಗಿಸುತ್ತದೆ. ಅಪಸ್ಮಾರದ ಶಸ್ತ್ರಚಿಕಿತ್ಸೆಗೆಂದು ಮೆದುಳಿನ ಮೇಲ್ಮೈಯಲ್ಲೇ ಎಲೆಕ್ಟ್ರೋಡ್ ಇರಿಸಿಕೊಂಡ ರೋಗಿಗಳಲ್ಲಿ ಮಾತ್ರ ಜಾಗ, ಕಾಲ ಎರಡೂ ಒಟ್ಟಿಗೆ ಸಿಗುತ್ತವೆ. ಫ್ಲಿಂಕರ್ ಮತ್ತು ಸಂಗಡಿಗರು 2015ರಲ್ಲಿ ಹೀಗೆ ನೋಡಿದಾಗ, ಪದ ಹೊರಬರುವ ಮುನ್ನ ಬ್ರೋಕಾ ಭಾಗ ಚುರುಕಾಗಿತ್ತು, ಉಚ್ಚಾರ ನಡೆಯುತ್ತಿದ್ದಾಗ ಶಾಂತವಾಗಿತ್ತು. ಎಫ್‌ಎಂಆರ್‌ಐಯಲ್ಲಿ ಈ ಎರಡೂ ಕ್ಷಣಗಳು ಒಂದೇ ಬಣ್ಣವಾಗಿ ಕಾಣುತ್ತಿದ್ದವು.

ಹಾಗಾಗಿ ಆ ಮಗನಿಗೆ ಒಂದು ಚುಕ್ಕೆಯನ್ನು ತೋರಿಸಿ ‘ಇದೇ ಮಾತಿನ ಜಾಗ’ ಎನ್ನಲು ನನಗೆ ಮನಸ್ಸು ಬರಲಿಲ್ಲ. ಅವರ ತಂದೆಯ ಗಾಯ ಬ್ರೋಕಾ ಭಾಗವನ್ನೂ ಇನ್ಸುಲಾವನ್ನೂ ತಂತುಗಳನ್ನೂ ಒಟ್ಟಿಗೆ ಮುಟ್ಟಿತ್ತು. ಯಾವುದು ಎಷ್ಟು ಕಾರಣ ಎಂದು ಒಬ್ಬರ ಫಿಲ್ಮಿನಿಂದ ಬಿಡಿಸಲಾಗದು ಎಂದೇ ಹೇಳಿದೆ.

ಎಂಟು ತಿಂಗಳ ನಂತರ ಆ ರೈತರು ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ‘ಕಬ್ಬು’ ಎಂದರು, ಮತ್ತೆ ಮತ್ತೆ ಸರಿಯಾಗಿಯೇ. ಅದೇ ದಿನ ಯಾರಾದರೂ ಅವರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿದ್ದರೆ, ಅದೇ ಗಾಯವಿದ್ದರೂ ಅವರು ತೊಂದರೆ ಬಹುಮಟ್ಟಿಗೆ ನೀಗಿದವರ ಸಾಲಿನಲ್ಲಿ ಕೂರುತ್ತಿದ್ದರು. ಗಾಯದ ಅಧ್ಯಯನ ಓದುವಾಗ ರೋಗಿಯನ್ನು ಎಷ್ಟನೇ ದಿನ ಪರೀಕ್ಷಿಸಿದರು ಎಂಬುದನ್ನು ನೋಡಿ. ಹಿಲ್ಲಿಸ್ ಮೊದಲ ದಿನದೊಳಗೆ ನೋಡಿದ್ದರು, ಡ್ರಾಂಕರ್ಸ್ ನೋಡಿದ್ದು ಪಾರ್ಶ್ವವಾಯುವಾಗಿ ಬಹಳ ಕಾಲವಾಗಿದ್ದವರನ್ನು.