ಕೊಂಡಿಗಳ ಕ್ರಮ ಬದಲಾದರೆ ವೇಗವೇಕೆ ಕುಗ್ಗುತ್ತದೆ?

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ಲ್ಯಾಬಿನಲ್ಲಿ 10 ಲಕ್ಷ ಸಂಖ್ಯೆಗಳನ್ನು ಅರೇಯಲ್ಲಿಯೂ ಲಿಂಕ್ಡ್ ಲಿಸ್ಟಿನಲ್ಲಿಯೂ ಇಟ್ಟು ಮೊತ್ತ ಹಾಕಿದೆ. ಲಿಸ್ಟ್ ಸ್ವಲ್ಪ ನಿಧಾನವಾಗಿತ್ತು, ಅಷ್ಟೆ. ಆಮೇಲೆ ಅದೇ ಲಿಸ್ಟನ್ನು ಮರ್ಜ್ ಸಾರ್ಟ್ ಮಾಡಿ ಮತ್ತೆ ಮೊತ್ತ ಹಾಕಿದಾಗ ಹಲವು ಪಟ್ಟು ಹೆಚ್ಚು ಸಮಯ ಹಿಡಿಯಿತು. ನೋಡ್‌ಗಳೂ ಅವೇ, ಸಂಖ್ಯೆಗಳೂ ಅವೇ. ಎರಡೂ O(n) ಎಂದು ಓದಿದ್ದೇವಲ್ಲ, ಹೀಗೇಕೆ?
— ದ್ವಿತೀಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಸಂಪಾದಕರ ಉತ್ತರ

ನೀವು ಓದಿದ್ದೂ ಸರಿ, ಲ್ಯಾಬಿನಲ್ಲಿ ಕಂಡದ್ದೂ ಸರಿ. O(n) ಎಂಬುದು ಹೆಜ್ಜೆಗಳ ಸಂಖ್ಯೆ ಹೇಗೆ ಬೆಳೆಯುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಒಂದೊಂದು ಹೆಜ್ಜೆಗೆ ಎಷ್ಟು ಹೊತ್ತು ಬೇಕೆಂಬುದನ್ನು ಹೇಳುವುದಿಲ್ಲ. ಸಾರ್ಟ್ ಮಾಡಿದ ಮೇಲೆ ನಿಮ್ಮ ಲಿಸ್ಟಿನಲ್ಲಿ ಹೆಜ್ಜೆಗಳು ಹೆಚ್ಚಲಿಲ್ಲ, ಪ್ರತಿ ಹೆಜ್ಜೆಯೂ ದುಬಾರಿಯಾಯಿತು. ಅದರ ಕಾರಣ ನೋಡ್‌ಗಳು ಮೆಮೊರಿಯಲ್ಲಿ ಕುಳಿತಿರುವ ಜಾಗದಲ್ಲಿದೆ.

ಮೊದಲು ಅರೇಯನ್ನು ನೋಡೋಣ. ಒಂದು `int` 4 ಬೈಟ್‌ಗಳಾದರೆ 10 ಲಕ್ಷ ಸಂಖ್ಯೆಗಳಿಗೆ 40 ಲಕ್ಷ ಬೈಟ್‌ಗಳ ಒಂದೇ ಅಖಂಡ ಪಟ್ಟಿ ಸಾಕು. ಪ್ರೊಸೆಸರ್ ಮೆಮೊರಿಯಿಂದ ಒಂದು ಸಂಖ್ಯೆಯನ್ನು ಕೇಳಿದರೂ ಅದಕ್ಕೆ ಬರುವುದು ಆ 4 ಬೈಟ್‌ಗಳು ಮಾತ್ರವಲ್ಲ. ಇಂದಿನ ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ 64 ಬೈಟ್‌ಗಳ ಒಂದು ಕಟ್ಟು ಇಡಿಯಾಗಿ ಬಂದು, ಪ್ರೊಸೆಸರಿನೊಳಗಿನ ಸಣ್ಣ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಕೂರುತ್ತದೆ. ಈ ಕಟ್ಟಿಗೆ ಕ್ಯಾಶ್ ಲೈನ್ ಎನ್ನುತ್ತಾರೆ. ಹೀಗೆ ಒಂದು ಸಲ ತಂದರೆ 16 ಸಂಖ್ಯೆಗಳು ಕೈಗೆ ಸಿಗುತ್ತವೆ. ಇಷ್ಟೇ ಅಲ್ಲ, ವಿಳಾಸಗಳು ಸಾಲಾಗಿ ಮುಂದುವರಿಯುತ್ತಿರುವುದನ್ನು ಪ್ರೊಸೆಸರಿನ ಪ್ರಿಫೆಚರ್ ಎಂಬ ಭಾಗವು ಗುರುತಿಸಿ, ನೀವು ಕೇಳುವ ಮೊದಲೇ ಮುಂದಿನ ಲೈನುಗಳನ್ನು ತಂದಿಡುತ್ತದೆ.

ಲಿಸ್ಟಿನ ನೋಡ್ ಬಹುಶಃ ಹೀಗಿತ್ತು:

```c
struct node {
    int value;
    struct node *next;
};
```

64 ಬಿಟ್ ಯಂತ್ರದಲ್ಲಿ `value` ಗೆ 4 ಬೈಟ್, `next` ಗೆ 8 ಬೈಟ್ ಬೇಕು. ಪಾಯಿಂಟರಿನ ವಿಳಾಸವು 8 ರಿಂದ ಭಾಗವಾಗಬೇಕಾದ್ದರಿಂದ ಇವೆರಡರ ನಡುವೆ ಕಂಪೈಲರ್ 4 ಬೈಟ್‌ಗಳನ್ನು ಖಾಲಿ ಬಿಡುತ್ತದೆ, ಒಟ್ಟು 16. ಇದರ ಮೇಲೆ `malloc` ತನ್ನ ಲೆಕ್ಕಕ್ಕೆಂದು ಪ್ರತಿ ತುಂಡಿನಲ್ಲಿಯೂ ಸ್ವಲ್ಪ ಜಾಗವನ್ನು ಇಟ್ಟುಕೊಳ್ಳುತ್ತದೆ, ಮತ್ತು ಲಿನಕ್ಸ್‌ನ ಸಾಮಾನ್ಯ `malloc` ಕೊಡುವ ಅತಿ ಸಣ್ಣ ತುಂಡೇ 32 ಬೈಟ್‌ಗಳದು. ಆದ್ದರಿಂದ 4 ಬೈಟ್‌ಗಳ ಸಂಖ್ಯೆಯೊಂದಕ್ಕೆ 32 ಬೈಟ್‌ಗಳು ಖರ್ಚಾಗುತ್ತವೆ. ನಿಮ್ಮ ಲಿಸ್ಟ್ 40 ಲಕ್ಷದ ಬದಲು ಸುಮಾರು 3 ಕೋಟಿ 20 ಲಕ್ಷ ಬೈಟ್‌ಗಳಷ್ಟು ಹರಡಿಕೊಂಡಿರುತ್ತದೆ. ಅರೇ ನಿಮ್ಮ ಲ್ಯಾಬಿನ ಯಂತ್ರದ ಕ್ಯಾಶ್‌ನಲ್ಲಿ ಪೂರ್ತಿ ಹಿಡಿಸಬಹುದು; ಇಷ್ಟು ದೊಡ್ಡ ಲಿಸ್ಟ್ ಸಾಧಾರಣವಾಗಿ ಹಿಡಿಸದು.

ಹಾಗಿದ್ದರೂ ಮೊದಲ ಸಲ ಲಿಸ್ಟ್ ಅಷ್ಟು ನಿಧಾನವಾಗಲಿಲ್ಲವೇಕೆ? ಹೊಸದಾಗಿ ಆರಂಭವಾದ ಪ್ರೋಗ್ರಾಮಿನಲ್ಲಿ ಒಂದರ ಹಿಂದೊಂದು `malloc` ಕರೆದರೆ ತುಂಡುಗಳು ಬಹುಮಟ್ಟಿಗೆ ಅಕ್ಕಪಕ್ಕದಲ್ಲಿಯೇ ಸಿಗುತ್ತವೆ. ಲಿಸ್ಟಿನುದ್ದಕ್ಕೂ ನಡೆಯುತ್ತ `printf("%p\n", (void *)p);` ಎಂದು ಮೊದಲ ಹತ್ತು ನೋಡ್‌ಗಳ ವಿಳಾಸಗಳನ್ನು ಮುದ್ರಿಸಿ ನೋಡಿ. ಕೊನೆಯ ಅಂಕಿಗಳು `2a0`, `2c0`, `2e0`, `300` ಎಂಬಂತೆ ಸಾಗಬೇಕು. ಹದಿನಾರರ ಎಣಿಕೆಯಲ್ಲಿ `20` ಎಂದರೆ 32, ಅಂದರೆ ಒಂದೊಂದು ಹೆಜ್ಜೆಗೆ 32 ಬೈಟ್. ಇಲ್ಲಿ `2c0` ಮತ್ತು `2e0` ಒಂದೇ ಕ್ಯಾಶ್ ಲೈನಿನಲ್ಲಿವೆ. ಲೈನಿಗೆ ಹದಿನಾರು ಸಂಖ್ಯೆಗಳ ಬದಲು ಎರಡೇ ಸಿಕ್ಕರೂ ನಡಿಗೆ ಒಂದೇ ದಿಕ್ಕಿನಲ್ಲಿರುವುದರಿಂದ ಪ್ರಿಫೆಚರ್ ನೆರವಾಗುತ್ತದೆ. ಕಟ್ಟಿದ ಕ್ರಮದಲ್ಲಿಯೇ ಓದಿದ ಆ ಲಿಸ್ಟ್ ಹೆಸರಿಗೆ ಲಿಸ್ಟಾದರೂ ಮೆಮೊರಿಯಲ್ಲಿ ಹೆಚ್ಚು ಕಡಿಮೆ ಅರೇಯಂತೆಯೇ ಇತ್ತು.

ಮರ್ಜ್ ಸಾರ್ಟ್ ಈ ಅನುಕೂಲವನ್ನು ಕಸಿದುಕೊಂಡಿತು. ಅದು ನೋಡ್‌ಗಳನ್ನು ಇದ್ದಲ್ಲಿಯೇ ಬಿಟ್ಟು `next` ಕೊಂಡಿಗಳನ್ನು ಮಾತ್ರ ಬದಲಿಸುತ್ತದೆ. ನಿಮ್ಮ ಸಂಖ್ಯೆಗಳು ಯಾದೃಚ್ಛಿಕವಾಗಿದ್ದರೆ, ಅತಿ ಚಿಕ್ಕ ಸಂಖ್ಯೆಯ ನೋಡ್ 3 ಕೋಟಿ ಬೈಟ್‌ಗಳ ಆ ಹರವಿನ ಒಂದು ಮೂಲೆಯಲ್ಲಿದ್ದು, ಅದರ ಮುಂದಿನದು ಇನ್ನೆಲ್ಲೋ ಇರುತ್ತದೆ. ಈಗ ವಿಳಾಸಗಳನ್ನು ಮತ್ತೆ ಮುದ್ರಿಸಿದರೆ ಯಾವ ಕ್ರಮವೂ ಕಾಣಿಸದು. ಪ್ರತಿ ನೋಡ್‌ಗೂ ಹೊಸ ಲೈನ್ ತರಬೇಕು, ಬಂದ 64 ಬೈಟ್‌ಗಳಲ್ಲಿ ಒಂದು ನೋಡ್ ಮಾತ್ರ ಬಳಕೆಯಾಗುತ್ತದೆ, ಪಕ್ಕದ ನೋಡ್‌ನ ಸರದಿ ಬರುವ ಹೊತ್ತಿಗೆ ಆ ಲೈನ್ ಬಹುತೇಕ ಕ್ಯಾಶ್‌ನಿಂದ ಹೊರಬಿದ್ದಿರುತ್ತದೆ.

ಇದಕ್ಕಿಂತ ಮುಖ್ಯವಾದ ತೊಡಕೊಂದು ಇದರ ಜೊತೆಗಿದೆ. ಮದುವೆಯ ಕರೆಯೋಲೆ ಹಂಚಲು ಹೊರಟವರಿಗೆ ಮನೆಗಳ ಪೂರ್ತಿ ಪಟ್ಟಿ ಕೈಯಲ್ಲಿದ್ದರೆ, ಒಬ್ಬರು ವಿದ್ಯಾನಗರಕ್ಕೂ ಮತ್ತೊಬ್ಬರು ನಿಟ್ಟುವಳ್ಳಿಗೂ ಏಕಕಾಲಕ್ಕೆ ಹೋಗಬಹುದು. ಆದರೆ ಮುಂದಿನ ಮನೆಯ ವಿಳಾಸ ಹಿಂದಿನ ಮನೆಯೊಳಗೆ ಮಾತ್ರ ಸಿಗುವುದಾದರೆ ಎಷ್ಟು ಜನರಿದ್ದರೂ ಪ್ರಯೋಜನವಿಲ್ಲ. `p = p->next` ಎಂಬ ಸಾಲಿನಲ್ಲಿ ಪ್ರೊಸೆಸರಿಗೆ ಆಗುವುದು ಇದೇ. ಅದು ಏಕಕಾಲಕ್ಕೆ ಹಲವು ಲೈನುಗಳನ್ನು ತರಿಸಿಕೊಳ್ಳಬಲ್ಲದು, ಆದರೆ ಈ ನೋಡ್ ಬರುವ ತನಕ ಮುಂದಿನದರ ವಿಳಾಸವೇ ಅದಕ್ಕೆ ತಿಳಿಯದು. ಮುಖ್ಯ ಮೆಮೊರಿಯಿಂದ ಒಂದು ಲೈನ್ ಬರಲು ಸುಮಾರು 100 ನ್ಯಾನೊಸೆಕೆಂಡ್ ಎಂದಿಟ್ಟುಕೊಂಡರೆ, ಒಂದರ ಹಿಂದೊಂದು 10 ಲಕ್ಷ ಸಲ ಕಾಯುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅರೇಯ ಮೊತ್ತ ಮುಗಿಯಲು ಒಂದು ಮಿಲಿಸೆಕೆಂಡಿನ ಆಸುಪಾಸು ಸಾಕು.

ಈ ವಿವರಣೆಯನ್ನು ನನ್ನ ಮಾತಿನ ಮೇಲೆ ಒಪ್ಪಬೇಕಾಗಿಲ್ಲ. ಲಿಸ್ಟನ್ನು ಮತ್ತೆ ಹೊಸದಾಗಿ ಕಟ್ಟಿ, ಈ ಸಲ ಕೊಂಡಿಗಳನ್ನು ಮುಟ್ಟದೆ, `value` ಗಳನ್ನಷ್ಟೇ ಅರೇಯೊಂದಕ್ಕೆ ನಕಲಿಸಿ, ಸಾರ್ಟ್ ಮಾಡಿ, ನೋಡ್‌ಗಳಿಗೆ ಅದೇ ಸಾಲಿನಲ್ಲಿ ಹಿಂದಿರುಗಿಸಿ. ಈ ಲಿಸ್ಟೂ ಸಾರ್ಟ್ ಆಗಿರುತ್ತದೆ, ಮೊತ್ತವೂ ಅದೇ ಬರುತ್ತದೆ, ಆದರೆ ವೇಗ ಮೊದಲಿನಷ್ಟೇ ಇರಬೇಕು. ಅಳೆಯುವಾಗ ಒಂದು ಎಚ್ಚರಿಕೆ: ಮೊತ್ತವನ್ನು ಕೊನೆಯಲ್ಲಿ ಮುದ್ರಿಸಿ, ಇಲ್ಲದಿದ್ದರೆ `-O2` ಕೊಟ್ಟಾಗ ಕಂಪೈಲರ್ ಬಳಕೆಯಾಗದ ಲೂಪನ್ನೇ ಅಳಿಸಿಬಿಡಬಹುದು. ಯಂತ್ರದಲ್ಲಿ ಲಿನಕ್ಸ್ ನೇರವಾಗಿ ಸ್ಥಾಪಿತವಾಗಿದ್ದು `perf` ಇದ್ದರೆ, ಮೊತ್ತದ ಲೂಪನ್ನು ನೂರಾರು ಸಲ ತಿರುಗಿಸಿ ಹೀಗೆ ಓಡಿಸಿ:

```
perf stat -e cache-misses ./a.out
```

ಕೊಂಡಿ ಬದಲಿಸಿದ ಲಿಸ್ಟಿನಲ್ಲಿ ಈ ಎಣಿಕೆ ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ಲೂಪನ್ನು ಒಮ್ಮೆ ಮಾತ್ರ ಓಡಿಸಿದರೆ ಲಿಸ್ಟ್ ಕಟ್ಟುವ ಮತ್ತು ಸಾರ್ಟ್ ಮಾಡುವ ಕೆಲಸದ ಎಣಿಕೆಯೂ ಅದರಲ್ಲಿ ಬೆರೆತು, ಯಾವುದು ಯಾವುದರದ್ದೆಂದು ತಿಳಿಯುವುದಿಲ್ಲ.

ಹಾಗೆಂದು ಲಿಂಕ್ಡ್ ಲಿಸ್ಟನ್ನು ಬದಿಗಿಡಬೇಕೆಂದು ನಾನು ಹೇಳಲಾರೆ. ನೋಡ್‌ನ ಪಾಯಿಂಟರ್ ಈಗಾಗಲೇ ಕೈಯಲ್ಲಿದ್ದು, ಹುಡುಕದೆಯೇ ಅದನ್ನು ಸಾಲಿನಿಂದ ಬಿಡಿಸುವ ಅಥವಾ ಸೇರಿಸುವ ಕೆಲಸವೇ ಹೆಚ್ಚಿದ್ದರೆ, ಹಿಂದಕ್ಕೂ ಮುಂದಕ್ಕೂ ಕೊಂಡಿಗಳಿರುವ ಲಿಸ್ಟ್ ನಿಜಕ್ಕೂ ಒಳ್ಳೆಯ ಆಯ್ಕೆ; ಲಿನಕ್ಸ್ ಕರ್ನೆಲ್ ತನ್ನ `list_head` ಕೊಂಡಿಗಳನ್ನು ಎಲ್ಲೆಡೆ ಬಳಸುವುದು ಇಂಥ ಕೆಲಸಗಳಿಗಾಗಿಯೇ. ಅರೇಯನ್ನು `realloc` ಮಾಡಿದರೆ ಅದರೊಳಗಿನ ವಿಳಾಸಗಳು ಬದಲಾಗಬಹುದು, ನೋಡ್‌ಗಳ ವಿಳಾಸ ಬದಲಾಗುವುದಿಲ್ಲ. ಆದರೆ ನಿಮ್ಮಂತೆ ಒಮ್ಮೆ ಸಾರ್ಟ್ ಮಾಡಿ ಮತ್ತೆ ಮತ್ತೆ ಉದ್ದಕ್ಕೂ ಓದುವುದಿದ್ದರೆ, ಸಾರ್ಟ್ ಮುಗಿದ ಕೂಡಲೇ ಮೌಲ್ಯಗಳನ್ನು ಆ ಕ್ರಮದಲ್ಲಿ ಅರೇಯೊಂದಕ್ಕೆ ನಕಲಿಸಿಕೊಳ್ಳುವುದು ಲೇಸು. ಆ ಒಂದು ನಕಲಿನ ವೆಚ್ಚ ಮುಂದಿನ ಕೆಲವೇ ಓದುಗಳಲ್ಲಿ ತೀರುತ್ತದೆ.

ಕೊನೆಯದಾಗಿ, ಸಂಖ್ಯೆಗಳನ್ನು 10 ಲಕ್ಷದಿಂದ 500 ಕ್ಕೆ ಇಳಿಸಿ, ಲೂಪನ್ನು ಸಾವಿರಾರು ಸಲ ತಿರುಗಿಸಿ ಇದೇ ಪ್ರಯೋಗವನ್ನು ಮಾಡಿ. ಆಗ ಇಡೀ ಲಿಸ್ಟ್ 16,000 ಬೈಟ್‌ಗಳಷ್ಟೇ ಆಗಿ, ಪ್ರೊಸೆಸರಿನ ಅತಿ ಹತ್ತಿರದ ಕ್ಯಾಶ್‌ನಲ್ಲಿಯೇ ಹಿಡಿಸುತ್ತದೆ. ಕೊಂಡಿಗಳು ಹೇಗೆ ಹೆಣೆದುಕೊಂಡಿದ್ದರೂ ಎರಡು ಲಿಸ್ಟ್‌ಗಳ ಸಮಯದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಿಸುವುದಿಲ್ಲ. ಅಲ್ಲಿಂದ ಸಂಖ್ಯೆಯನ್ನು ಇಮ್ಮಡಿಸುತ್ತ ಹೋದರೆ, ಯಾವ ಗಾತ್ರದಲ್ಲಿ ಅಂತರ ತಲೆದೋರುತ್ತದೆಂಬುದರಿಂದ ನಿಮ್ಮ ಯಂತ್ರದ ಕ್ಯಾಶ್‌ಗಳ ಅಳತೆಯನ್ನೂ ಅಂದಾಜು ಮಾಡಬಹುದು.