‘ನಾನು’ ಎಂದೊಡನೆ ಹತ್ತಿರವಾಗುವುದಿಲ್ಲ

ಮಾನ್ಯ ಸಂಪಾದಕರೇ,
ತಾಯಿ ತೀರಿಕೊಂಡ ಮೂರನೆಯ ದಿನ ಅವರ ಕೋಣೆಯಲ್ಲಿ ಒಬ್ಬಳೇ ಕುಳಿತ ಮಗಳ ಬಗ್ಗೆ ಕಥೆ ಬರೆದೆ. ಓದಿದ ಗೆಳತಿಯರು ‘ಚೆನ್ನಾಗಿದೆ, ಆದರೆ ಮನಸ್ಸಿಗೆ ತಟ್ಟಲಿಲ್ಲ’ ಎಂದರು. ‘ಅವಳು’ ಎಂದಿದ್ದಲ್ಲೆಲ್ಲ ‘ನಾನು’ ಎಂದು ತಿದ್ದಿ, ದುಃಖವನ್ನು ಇನ್ನಷ್ಟು ಬಿಡಿಸಿ ಬರೆದೆ. ಈಗ ಮೊದಲಿಗಿಂತಲೂ ಸಪ್ಪೆ ಎನ್ನುತ್ತಾರೆ. ಪಾತ್ರದ ಒಳಗೇ ಹೋಗಿ ಕುಳಿತರೂ ಓದುಗರು ಹೊರಗೇ ಉಳಿಯುವುದೇಕೆ? ಕಥೆಯ ಎರಡೂ ಪ್ರತಿಗಳನ್ನು ಲಗತ್ತಿಸಿದ್ದೇನೆ.
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ಕಥೆಯನ್ನು ಎರಡು ಸಲ ಓದಿದೆ. ತಾಯಿಯ ಮೊಬೈಲಿನಲ್ಲಿ ರಾತ್ರಿ ಎಂಟಕ್ಕೆ ಮಾತ್ರೆಯ ಅಲಾರಾಂ ಹೊಡೆಯುವ ಜಾಗವೇ ಅದರ ಜೀವ. ಅಲ್ಲಿ ನೀವು ಬರೆದಿರುವುದು ಹೀಗೆ: ‘ಅಲಾರಾಂ ಕೇಳಿದಾಗ ನನ್ನೊಳಗೆ ಹೇಳಲಾಗದ ಸಂಕಟ ಉಕ್ಕಿ ಬಂದಂತೆ ನನಗೆ ಅನಿಸಿತು.’ ಒಂದೇ ವಾಕ್ಯದಲ್ಲಿ ‘ನನ್ನೊಳಗೆ’, ‘ನನಗೆ’ ಎರಡೂ ಇವೆ. ಆದರೂ ಮಾತನಾಡುತ್ತಿರುವವಳು ಆ ಕೋಣೆಯಲ್ಲಿಲ್ಲ. ಎಷ್ಟೋ ದಿನಗಳ ನಂತರ ಎಲ್ಲೋ ಕುಳಿತು ತನ್ನ ಸಂಕಟಕ್ಕೆ ಹೆಸರಿಡುತ್ತಿದ್ದಾಳೆ. ‘ಕೇಳಿದಾಗ’, ‘ಅನಿಸಿತು’ ಎಂಬ ಮಾತುಗಳು ಓದುಗನಿಗೂ ಆ ಸದ್ದಿಗೂ ನಡುವೆ ಒಬ್ಬ ವರದಿಗಾರನನ್ನು ನಿಲ್ಲಿಸಿಬಿಡುತ್ತವೆ.

ಈಗ ‘ನಾನು’ ಬಿಟ್ಟು, ಅದೇ ಗಳಿಗೆಯನ್ನು ಹೀಗೆ ಬರೆದು ನೋಡೋಣ:

‘ಅಲಾರಾಂ ಹೊಡೆಯಿತು. ಎಂಟು ಗಂಟೆ. ಅಯ್ಯೋ, ಅಮ್ಮನ ಮಾತ್ರೆ. ತಾನಿನ್ನೂ ನೀರು ಬಿಸಿಗೇ ಇಟ್ಟಿಲ್ಲ.’

ಇಲ್ಲಿ ದುಃಖ ಎಂಬ ಪದವೇ ಇಲ್ಲ. ತಾಯಿ ಇಲ್ಲವೆಂಬುದನ್ನು ಅವಳು ಆ ಕ್ಷಣಕ್ಕೆ ಮರೆತಿದ್ದಾಳೆ, ಓದುಗ ಮರೆತಿಲ್ಲ. ಆ ಅಂತರದಲ್ಲಿಯೇ ನೋವು ಹುಟ್ಟುತ್ತದೆ, ಅದೂ ಓದುಗನ ಎದೆಯಲ್ಲಿ. ‘ಅವಳ ತಾಯಿ’ ಎಂಬುದು ನಿರೂಪಕನ ಮಾತು, ‘ಅಮ್ಮ’ ಎಂಬುದು ಅವಳದು. ‘ಎಂದುಕೊಂಡಳು’ ಎಂಬ ಬಾಲವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದಲ್ಲಿ ನಮಗೆ ‘ತಾನು’ ಎಂಬ ಪದವಿದೆ. ‘ಅವಳಿನ್ನೂ ನೀರು ಇಟ್ಟಿಲ್ಲ’ ಎಂದು ಬರೆದು ನೋಡಿ, ಯಾರೋ ಬಾಗಿಲಲ್ಲಿ ನಿಂತು ದೂರಿದಂತಾಗುತ್ತದೆ. ‘ತಾನು’ ಎಂದೊಡನೆ ಆ ಮಾತು ಅವಳ ತಲೆಯೊಳಗಿನದಾಗುತ್ತದೆ. ಇಂಥ ಸೌಲಭ್ಯ ಎಲ್ಲ ಭಾಷೆಗಳಿಗೂ ಇಲ್ಲ. ನಮ್ಮ ಹೊಸ ಕಥೆಗಾರರು ಅದನ್ನು ಬಳಸದೆ ‘ನಾನು’ವಿನ ಹಿಂದೆ ಓಡುವುದೇಕೋ ನನಗಂತೂ ತಿಳಿಯದು.

ಹಾಗೆಂದು ಇಡೀ ಕಥೆಯನ್ನು ಈ ಸಮೀಪದಲ್ಲಿಯೇ ಬರೆದರೆ ಓದುಗನಿಗೆ ಉಸಿರು ಕಟ್ಟುತ್ತದೆ. ಅಲಾರಾಂ ನಂತರದ ಒಂದೂವರೆ ಪುಟವನ್ನು ನೀವು ಅವಳ ಅಳುವಿಗೆ ಕೊಟ್ಟಿದ್ದೀರಿ. ಪಾತ್ರವೇ ಅಷ್ಟೆಲ್ಲ ಅತ್ತ ಮೇಲೆ ಓದುಗನಿಗೆ ಉಳಿಯುವ ಕೆಲಸವೇನು? ಚೆಕಾವ್ 1892ರಲ್ಲಿ ಲಿಡಿಯಾ ಅವಿಲೋವಾ ಎಂಬ ಲೇಖಕಿಗೆ ಬರೆದ ಪತ್ರದಲ್ಲಿ ಇದನ್ನೇ ಹೇಳಿದ್ದಾನೆ: ದುಃಖಿಗಳ ಬಗ್ಗೆ ಬರೆದು ಓದುಗನ ಮನ ಕರಗಿಸಬೇಕಾದರೆ ಬರೆಯುವವರು ತುಸು ತಣ್ಣಗಿರಬೇಕು, ಆಗ ಆ ದುಃಖಕ್ಕೊಂದು ಹಿನ್ನೆಲೆ ಸಿಗುತ್ತದೆ ಎಂದು. ಆದ್ದರಿಂದ ನಾನಾದರೆ ಅಲ್ಲಿಂದ ಹೊರಗೆ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದೆ:

‘ಅವಳು ಎದ್ದು ನೀರು ಬಿಸಿ ಮಾಡಿದಳು. ಲೋಟಕ್ಕೆ ಸುರಿದು, ಬೆರಳಿನಿಂದ ಬಿಸಿ ನೋಡಿ, ಮಂಚದ ಪಕ್ಕದ ಮೇಜಿನ ಮೇಲಿಟ್ಟಳು. ಆಮೇಲೆ ಅಲಾರಾಂ ನಿಲ್ಲಿಸಿದಳು.’

ಅವಳಿಗೆ ಏನನಿಸಿತು ಎಂಬುದನ್ನು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಈ ದೂರ ಫಲಿಸುವುದು ಮೊದಲು ಒಳಗೆ ಹೋಗಿ ಬಂದಿದ್ದರಿಂದ. ಇದೇ ಸಾಲುಗಳು ಕಥೆಯ ಮೊದಲ ಪುಟದಲ್ಲಿದ್ದಿದ್ದರೆ, ಗುರುತಿಲ್ಲದ ಹೆಂಗಸೊಬ್ಬಳು ನೀರು ಕಾಯಿಸಿದಳು ಎಂಬಷ್ಟೇ ಸುದ್ದಿಯಾಗುತ್ತಿತ್ತು.

ದೂರವನ್ನು ಬದಲಿಸುವಾಗ ಪ್ಯಾರಾ ಒಡೆಯಿರಿ, ಇಲ್ಲವೇ ನಡುವೆ ಒಂದು ಕ್ರಿಯೆ ಬರಲಿ. ನಿಮ್ಮ ಮೊದಲ ಪ್ರತಿಯಲ್ಲಿ ‘ಅಮ್ಮನ ಸೀರೆಗೆ ಇನ್ನೂ ಅದೇ ವಾಸನೆ’ ಎಂದ ಬೆನ್ನಿಗೇ ‘ಮೂವತ್ತೆಂಟು ವರ್ಷದ ಆ ಮಹಿಳೆಯ ಬಟ್ಟಲುಗಣ್ಣುಗಳು ತುಂಬಿದವು’ ಎಂದು ಬರುತ್ತದೆ. ಸೀರೆ ಮೂಸುತ್ತಿರುವವಳಿಗೆ ತನ್ನ ವಯಸ್ಸೂ ಕಣ್ಣಿನ ಆಕಾರವೂ ನೆನಪಿಗೆ ಬರುತ್ತವೆಯೇ? ನಿಮ್ಮ ಗೆಳತಿಯರು ಬಹುಶಃ ಅಲ್ಲಿಯೇ ಕಥೆಯಿಂದ ಹೊರಬಿದ್ದಿರಬೇಕು.

ಇನ್ನೊಂದು ಮಾತು, ಇದು ನಿಮ್ಮ ಕಥೆಯ ಅಣ್ಣನ ಬಗ್ಗೆ. ಅವನನ್ನು ಕಲ್ಲೆದೆಯವನೆಂದು ಓದುಗ ದ್ವೇಷಿಸಬೇಕೆಂಬುದು ನಿಮ್ಮ ಇಚ್ಛೆ. ಆದರೆ ಆಸ್ಪತ್ರೆಯ ದೃಶ್ಯದಲ್ಲಿ ಅರ್ಧ ಪುಟ ಅವನ ತಲೆಯೊಳಗೇ ಇದ್ದೀರಿ, ಅವನ ಸಾಲ, ಅವನ ನಿದ್ದೆಗೇಡು ಎಲ್ಲವೂ ನಮಗೆ ಗೊತ್ತಾಗಿದೆ. ಸಮೀಪಕ್ಕೆ ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲ. ಯಾರ ಒಳಗೆ ಹೆಚ್ಚು ಹೊತ್ತು ಇರುತ್ತೇವೋ ಅವರ ಕಡೆಗೆ ವಾಲುತ್ತೇವೆ. ನನಗಂತೂ ಅವನ ಮೇಲೆ ಕನಿಕರವೇ ಬಂತು. ಅದು ಬೇಡವಾದರೆ ಅವನನ್ನು ಮಾತು, ನಡೆಗಳಲ್ಲಿ ಮಾತ್ರ ತೋರಿಸಿ. ಬೇಕಾದರೆ ಇರಲಿ, ಆದರೆ ಆಗ ಇದು ಬೇರೆಯೇ ಕಥೆ.

‘ಅವಳು’ ಎಂದಿದ್ದ ಮೊದಲ ಪ್ರತಿಯನ್ನೇ ತಿದ್ದಿ ಕಳುಹಿಸಿ. ಅಳುವಿನ ಒಂದೂವರೆ ಪುಟ ಬೇಡ, ಅಲಾರಾಂ ಇರಲಿ.